ಎಂಟನೇ ಮೇನಿನ ಮೂವತ್ತಾರು

ವೆಂಕೋಬರಾಯರ ಲೆಕ್ಕದಲ್ಲಿ ಮನುಷ್ಯರಲ್ಲಿ ಎರಡೇ ಜಾತಿ. ವಿಳಾಸ ಓದಬಲ್ಲವರು ಒಂದು, ದಾರಿ ಕೇಳುವವರು ಇನ್ನೊಂದು. ಮೊದಲನೆಯ ಜಾತಿಯಲ್ಲಿ, ಅವರಿಗೆ ತಿಳಿದ ಮಟ್ಟಿಗೆ, ಅವರೊಬ್ಬರೇ ಇದ್ದರು. ಉಳಿದ ಬೆಂಗಳೂರೆಲ್ಲ ಗಣೇಶನ ಗುಡಿ ಹತ್ತಿರ ಎಡಕ್ಕೆ ತಿರುಗಿ, ಹಸಿರು ಗೇಟಿನ ಮನೆ ಬಿಟ್ಟು, ನಾಯಿ ಇರುವ ಮನೆ ಎದುರು ನಿಂತು ಕೂಗುವ ಪೈಕಿ.

ಅವರ ಈ ಗರ್ವಕ್ಕೆ ಕಾರಣವಿಲ್ಲದೆ ಇರಲಿಲ್ಲ. ಹೇಮಾವತಿ ನಗರ ಎಂಬ ಬಡಾವಣೆ ಹೊಲಗದ್ದೆಯಾಗಿದ್ದಾಗಲೇ ಅದನ್ನು ಕಾಗದದ ಮೇಲೆ ಕಂಡವರು ಅವರು. ಪ್ರಾಧಿಕಾರದಲ್ಲಿ ನಕ್ಷೆ ಬರೆಯುವ ಕೆಲಸ. ಎರಡನೇ ಬ್ಲಾಕಿನ ಒಂದೊಂದು ಗೆರೆಯೂ ಅವರ ಕೈಯಿಂದ, ಅವರ ಶಾಯಿಯಿಂದ ಬಿದ್ದದ್ದು. ಮೇನ್ ರಸ್ತೆಗಳು ಉತ್ತರದಿಂದ ದಕ್ಷಿಣಕ್ಕೆ, ಕ್ರಾಸ್‌ಗಳು ಪಶ್ಚಿಮದಿಂದ ಪೂರ್ವಕ್ಕೆ. ಮೇನಿನ ಅಂಕಿ ಪೂರ್ವಕ್ಕೆ ಹೋದಂತೆ ಏರುತ್ತದೆ, ಕ್ರಾಸಿನ ಅಂಕಿ ದಕ್ಷಿಣಕ್ಕೆ ಹೋದಂತೆ. ಇಷ್ಟು ತಲೆಯಲ್ಲಿದ್ದರೆ ಕಣ್ಣು ಕಟ್ಟಿ ಬಿಟ್ಟರೂ ಮನೆ ಸೇರಬಹುದು ಎನ್ನುವುದು ಅವರ ವಾದ. ಕಣ್ಣು ಬಿಟ್ಟುಕೊಂಡೇ ಮನೆ ಸೇರಲಾಗದವರನ್ನು ಅವರು ಇಪ್ಪತ್ತೆರಡು ವರ್ಷದಿಂದ ಗೇಟಿನ ಒಳಗಿನಿಂದ ನೋಡುತ್ತ ಬಂದಿದ್ದರು.

ಅವರ ಮನೆ ನಂಬರು ಮೂವತ್ತಾರು, ಐದನೇ ಮೇನ್, ಎಂಟನೇ ಕ್ರಾಸ್. ಮೊದಲು ಬರೆಯುವ ರಸ್ತೆ ಬಾಗಿಲು ತೆರೆಯುವ ರಸ್ತೆ, ಆಮೇಲೆ ಬರೆಯುವುದು ಹತ್ತಿರದ ಅಡ್ಡರಸ್ತೆ. ಇದನ್ನು ಅವರು ಅಂಚೆಯವನಿಗೆ, ಗ್ಯಾಸ್ ಸಿಲಿಂಡರ್ ತರುವವನಿಗೆ, ಮದುವೆಯ ಕರೆಯೋಲೆ ಹಿಡಿದು ಬಂದ ನೆಂಟರಿಗೆ, ಕೊನೆಗೆ ಜನಗಣತಿಗೆ ಬಂದ ಟೀಚರಮ್ಮನಿಗೂ ಪಾಠ ಮಾಡಿದ್ದರು. ಆ ಟೀಚರಮ್ಮ ನೀರು ಕೂಡ ಕುಡಿಯದೆ ಹೋದಳು.

ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ಪ್ರಾಧಿಕಾರ ಕೊಟ್ಟ ಸೈಟ್ ನಂಬರು ಇಡೀ ಬ್ಲಾಕಿಗೆ ಒಂದೇ ಸಾಲು. ರಾಯರದು ನಾನೂರ ಹನ್ನೆರಡು. ಆಮೇಲೆ ಬಡಾವಣೆ ಕಾರ್ಪೊರೇಷನ್ನಿಗೆ ಸೇರಿತು. ಒಂದು ದಿನ ಇಬ್ಬರು ಬಣ್ಣದ ಡಬ್ಬಿ ಹಿಡಿದು ಬಂದು, ರಸ್ತೆರಸ್ತೆಗೂ ಒಂದರಿಂದ ಶುರು ಮಾಡಿ ಗೇಟಿನ ಮೇಲೆ ಹೊಸ ನಂಬರು ಬಳಿದು ಹೋದರು. ಐದನೇ ಮೇನಿನ ಒಂದು ಬದಿಗೆ ಪಾರ್ಕು ಮತ್ತು ಸ್ಕೂಲು. ಮನೆಗಳು ಒಂದೇ ಬದಿಗೆ, ಕ್ರಾಸಿಗೆ ಐದೈದು, ಆದ್ದರಿಂದ ಎಂಟನೇ ಕ್ರಾಸ್ ದಾಟಿದ ಕೂಡಲೇ ಮೂವತ್ತಾರು. ಎಂಟನೇ ಮೇನಿನಲ್ಲಿ ಎರಡೂ ಬದಿಗೆ ಮನೆ. ಅಲ್ಲಿ ಐದನೇ ಕ್ರಾಸ್ ಬರುವಷ್ಟರಲ್ಲೇ ಮೂವತ್ತಾರು ಬಂದುಬಿಟ್ಟಿತು. ಹೀಗೆ ಒಂದೇ ಬ್ಲಾಕಿನಲ್ಲಿ ಎರಡು ಮೂವತ್ತಾರು ಹುಟ್ಟಿದವು. ಒಂದು ಐದನೇ ಮೇನ್ ಎಂಟನೇ ಕ್ರಾಸ್, ಇನ್ನೊಂದು ಎಂಟನೇ ಮೇನ್ ಐದನೇ ಕ್ರಾಸ್. ಆ ಇನ್ನೊಂದರಲ್ಲಿ ಇದ್ದವರು ಪುಟ್ಟಸ್ವಾಮಯ್ಯ ಎಂಬ ನಿವೃತ್ತ ಡ್ರಿಲ್ ಮೇಷ್ಟ್ರು.

ಮೇಷ್ಟ್ರ ಮನೆಯವರದು ಒಂದು ದುರಭ್ಯಾಸ, ಕ್ರಾಸನ್ನು ಮೊದಲು ಹೇಳುವುದು. ಅದೂ ಮೇನ್, ಕ್ರಾಸ್ ಎನ್ನುವ ಮಾತುಗಳನ್ನು ನುಂಗಿ ಬರಿಯ ಅಂಕಿ ಒಪ್ಪಿಸುವುದು. 'ಮೂವತ್ತಾರು, ಐದು, ಎಂಟು' ಎಂದುಬಿಟ್ಟರೆ ಅವರಿಗೆ ಅದೇ ವಿಳಾಸ. ಕೇಳಿದವರು ಮೇನ್ ಐದು ಕ್ರಾಸ್ ಎಂಟು ಎಂದು ಬರೆದುಕೊಳ್ಳುತ್ತಾರೆ, ಸಾಮಾನು ಬಂದು ರಾಯರ ಗೇಟಿಗೆ ಬೀಳುತ್ತದೆ. ಮೇಷ್ಟ್ರ ಮನೆಗೆಂದು ಬಂದ ಬೆತ್ತದ ಕುರ್ಚಿ, ಹೋಮಿಯೋಪತಿ ಮಾತ್ರೆ, ಒಮ್ಮೆ ನಾಮಕರಣಕ್ಕೆಂದು ಬಂದ ವಾಲಗದವರು, ಎಲ್ಲ ಇಲ್ಲಿಗೇ. ರಾಯರು ವಾಲಗದವರಿಗೂ ಪಾಠ ಮಾಡಿ ಓಡಿಸಿದ್ದರು.

ಕಾಗದಗಳ ಅದಲುಬದಲಂತೂ ವಾರಕ್ಕೊಮ್ಮೆ. ರಾಯರಿಗೆ ಬರಬೇಕಾದ್ದು ಅಲ್ಲಿಗೆ ಹೋದರೆ ಮೇಷ್ಟ್ರು ಸಂಜೆ ವಾಕಿಂಗಿಗೆ ಬಂದಾಗ ಜೇಬಿನಲ್ಲಿ ತರುತ್ತಿದ್ದರು. ಗೇಟಿನಾಚೆ ನಿಂತು, ರಾಯರೇ, ನಿಮ್ಮದೊಂದು ನಮ್ಮನೆಗೆ ಬಂದಿತ್ತು ಎಂದು ನಗುತ್ತ ಕೊಡುವರು. ರಾಯರು ತೆಗೆದುಕೊಂಡು, ಲಕೋಟೆ ತೆರೆದಿಲ್ಲ ತಾನೇ ಎಂದು ಅಂಚು ನೋಡಿ, ಮೇನ್ ಮೊದಲು ಕ್ರಾಸ್ ಆಮೇಲೆ ಎಂದು ಇನ್ನೊಮ್ಮೆ ಹೇಳಿ ಒಳಗೆ ಹೋಗುವರು. ಒಳಗೆ ಬನ್ನಿ ಎಂದದ್ದಿಲ್ಲ. ಮೇಷ್ಟ್ರ ಕಾಗದ ಇವರಿಗೆ ಬಂದರೆ ಅದರ ಗತಿ ಬೇರೆ. ಕೆಂಪು ಶಾಯಿಯಲ್ಲಿ 'ವಿಳಾಸ ತಪ್ಪು' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಪೋಸ್ಟ್ ಡಬ್ಬಿಗೆ ಹಾಕಿಬಿಡುವರು. ಮೂರು ಮೇನು ಮೂರು ಕ್ರಾಸು ದಾಟಿ ಕೊಟ್ಟುಬರಲು ತಾನೇನು ಅಂಚೆಯ ಆಳೇ? ಕಳಿಸಿದವನಿಗೆ ಬುದ್ಧಿ ಬರಲಿ ಎನ್ನುವುದು ಅವರ ನ್ಯಾಯ. ಇಪ್ಪತ್ತೆರಡು ವರ್ಷದಲ್ಲಿ ಅವರು ಒಂದು ಸಲವೂ ಆ ಮನೆಯ ಹತ್ತಿರ ಹೋಗಿರಲಿಲ್ಲ. ಎಲ್ಲಿದೆ ಎಂದು ಗೊತ್ತಿರುವ ಜಾಗಕ್ಕೆ ಹೋಗುವ ಅಗತ್ಯವೇನು?

ತೊಂಬತ್ತಾರನೇ ಇಸವಿಯ ಜುಲೈನ ಒಂದು ಬುಧವಾರ, ಬೆಳಿಗ್ಗೆ ಹತ್ತು ಇಪ್ಪತ್ತರ ಹೊತ್ತಿಗೆ, ರಾಯರು ಜಗಲಿಯಲ್ಲಿ ಕೂತು ಕಾರ್ಪೊರೇಷನ್ನಿಗೆ ಒಂದು ಅರ್ಜಿ ಬರೆಯುತ್ತಿದ್ದರು. ಎದುರಿನ ಹೊಂಗೆ ಮರದ ಕೆಳಗೆ ಇಸ್ತ್ರಿ ಅಂಜಿನಪ್ಪನ ತಳ್ಳುಗಾಡಿ. ಹದಿನೈದು ವರ್ಷದಿಂದ ಅಲ್ಲಿದೆ. ಮಂಜೂರಾದ ನಕ್ಷೆಯಲ್ಲಿ ಇಸ್ತ್ರಿ ಗಾಡಿ ಇಲ್ಲ, ಆದ್ದರಿಂದ ತೆಗೆಸತಕ್ಕದ್ದು ಎನ್ನುವ ಈ ಅರ್ಜಿ ನಾಲ್ಕನೆಯದು. ಅವರ ಅಂಗಿಗೆ ಇಸ್ತ್ರಿ ಹಾಕುವವನೂ ಅಂಜಿನಪ್ಪನೇ. ಅದು ಬೇರೆ ವಿಷಯ.

ಆಗ ಗೇಟಿನ ಮುಂದೆ ಬಿಳಿ ವ್ಯಾನೊಂದು ನಿಂತಿತು. ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಇಳಿದು, ಗೇಟಿನ ನಂಬರು ನೋಡಿ, ಕೈಯಲ್ಲಿದ್ದ ಚೀಟಿ ನೋಡಿ, ತಗ್ಗಿದ ದನಿಯಲ್ಲಿ, ಇದು ಮೂವತ್ತಾರು ಐದನೇ ಮೇನ್ ಎಂಟನೇ ಕ್ರಾಸ್ ಅಲ್ಲವೇ ಎಂದು ಕೇಳಿದಳು. ರಾಯರಿಗೆ ಖುಷಿಯಾಯಿತು. ಇಷ್ಟು ಸರಿಯಾಗಿ ವಿಳಾಸ ಹೇಳಿದವರನ್ನು ಅವರು ಎಷ್ಟೋ ಕಾಲದಿಂದ ಕಂಡಿರಲಿಲ್ಲ. ಹೌದು ಎಂದರು.

"ನಾನು ಡಾಕ್ಟರ್ ಅರುಂಧತಿ. ಕಣ್ಣಿನ ಬ್ಯಾಂಕಿಂದ ಬಂದಿದೀವಿ. ತೀರ್ಕೊಂಡೋರನ್ನ ಎಲ್ಲಿ ಮಲಗಿಸಿದೀರಿ?"

ಒಳಗಿನಿಂದ ಸೊಪ್ಪು ಹಿಡಿದುಕೊಂಡೇ ಬಂದ ರಾಯರ ಹೆಂಡತಿ ಕಮಲಾಬಾಯಿ ಡಾಕ್ಟರನ್ನು ನೋಡಿದರು, ವ್ಯಾನು ನೋಡಿದರು, ಗಂಡನನ್ನು ನೋಡಿದರು.

"ಇವ್ರಾ? ಇವ್ರಿನ್ನೂ ಇದಾರಮ್ಮ. ಈಗ ತಾನೇ ಎರಡನೇ ಸಲ ಕಾಫಿ ಕುಡಿದ್ರು."

ಚೀಟಿಯಲ್ಲಿ ಪುಟ್ಟಸ್ವಾಮಯ್ಯನವರ ಹೆಸರಿತ್ತು. ಬೆಳಿಗ್ಗೆ ಆರೂವರೆಗೆ ತೀರಿಕೊಂಡಿದ್ದರು. ಮನೆಯವರು ಯಾರೋ ಫೋನು ಮಾಡಿ ಮೂವತ್ತಾರು, ಐದು, ಎಂಟು ಎಂದಿದ್ದಾರೆ. ಬ್ಯಾಂಕಿನಲ್ಲಿದ್ದವರು ಫಾರಂ ಪ್ರಕಾರ ಮೇನ್ ಐದು, ಕ್ರಾಸ್ ಎಂಟು ಎಂದು ತುಂಬಿಕೊಂಡಿದ್ದಾರೆ. ಸತ್ತ ದಿನವೂ ಆ ಮನೆಯವರು ಕ್ರಾಸನ್ನೇ ಮೊದಲು ಹೇಳಿದ್ದರು. ರಾಯರಿಗೆ ಮೊದಲು ಬಂದದ್ದು ಸಿಟ್ಟು. ಅಯ್ಯೋ ಪಾಪ ಎನ್ನಬೇಕೆಂದು ನೆನಪಾದದ್ದು ಕಮಲಾಬಾಯಿ ಅದನ್ನು ಅಂದ ಮೇಲೆ.

ಡಾಕ್ಟರು ಹೊತ್ತು ನೋಡಿಕೊಳ್ಳುತ್ತಿದ್ದಳು. ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಅಂದರೆ ಹನ್ನೆರಡೂವರೆಯೊಳಗೆ. ಅದಕ್ಕಿಂತ ಮೊದಲೇ, ಹನ್ನೊಂದೂವರೆಗೆ, ದೇಹವನ್ನು ಕುಣಿಗಲ್ ಕಡೆಯ ಅವರ ಊರಿಗೆ ಸಾಗಿಸುವವರಿದ್ದರು. ಗಾಡಿ ಹೊರಟುಬಿಟ್ಟರೆ ಮುಗಿಯಿತು. ಇಬ್ಬರು ದೃಷ್ಟಿಯಿಲ್ಲದವರು ಆಸ್ಪತ್ರೆಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದಾರೆ, ಒಬ್ಬಳು ಒಂಬತ್ತು ವರ್ಷದ ಹುಡುಗಿ ಎಂದಳು. ರಾಯರ ಮನೆಯ ಫೋನಿನಿಂದ ಚೀಟಿಯಲ್ಲಿದ್ದ ನಂಬರಿಗೆ ಮೂರು ಸಲ ಪ್ರಯತ್ನಿಸಿದಳು. ಸಾವಿನ ಮನೆ, ನೆಂಟರಿಗೆಲ್ಲ ಹೇಳುತ್ತಿರಬೇಕು, ಎಂಗೇಜ್ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

ಅಷ್ಟರಲ್ಲಿ ಅಂಜಿನಪ್ಪ ರಸ್ತೆ ದಾಟಿ ಗೇಟಿನ ಹತ್ತಿರ ಬಂದಿದ್ದ. ಕಣ್ಣಲ್ಲಿ ನೀರಿತ್ತು.

"ಡ್ರಿಲ್ ಮೇಷ್ಟ್ರು ಹೋಗ್ಬಿಟ್ರಾ ಸ್ವಾಮಿ? ಅವ್ರ ಮನೆ ನಂಗೊತ್ತು ಕಣಮ್ಮ, ದಿನಾ ಬಟ್ಟೆ ತರ್ತೀನಿ. ಈ ಗುಡಿ ಹಿಂದ್ಗಡೆ..."

"ನೀನು ನಿನ್ನ ಕೆಂಡ ನೋಡ್ಕೋ ಹೋಗು," ಎಂದರು ರಾಯರು. "ಗುಡಿ ಹಿಂದೆಯಂತೆ. ಅಡ್ರೆಸ್ ಅಂದ್ರೆ ಗುಡಿಯೇನೋ? ಎಂಟನೇ ಮೇನ್, ಐದನೇ ಕ್ರಾಸ್. ಎಳೆದೋನು ನಾನು."

ಹೀಗೆಂದು ಮೇಲುಹೊದಿಕೆ ಸರಿಪಡಿಸಿಕೊಂಡು, ಬರೆಯುತ್ತಿದ್ದ ಅರ್ಜಿಯನ್ನು ಮಡಚಿ ಜೇಬಿಗಿಟ್ಟು, ವ್ಯಾನಿನ ಮುಂದಿನ ಸೀಟಿನಲ್ಲಿ ಹೋಗಿ ಕೂತರು. ಇಡೀ ಜನ್ಮ ಕಾಯುತ್ತಿದ್ದ ಪರೀಕ್ಷೆ ಇದು. ಕಮಲಾಬಾಯಿ ಗೇಟಿನಿಂದ, ಅಂಜಿನಪ್ಪನನ್ನೂ ಕರೆದುಕೊಂಡು ಹೋಗಬಾರದೇ ಎಂದರು. ರಾಯರಿಗೆ ಅದು ಕೇಳಲಿಲ್ಲ. ಹೆಂಡತಿಯ ಮಾತು ಅವರಿಗೆ ಸಾಮಾನ್ಯವಾಗಿ ಕೇಳುತ್ತಿರಲಿಲ್ಲ.

ಡ್ರೈವರ್ ಅಂತೋಣಿಗೆ ರಾಯರು ಹೇಳಿದ್ದು ಮೂರೇ ಮಾತು. ಐದನೇ ಮೇನಿನಲ್ಲಿ ಉತ್ತರಕ್ಕೆ ಹೋಗು, ಐದನೇ ಕ್ರಾಸಿಗೆ ಬಲಕ್ಕೆ ತಿರುಗು, ಅಲ್ಲಿಂದ ಮೂರು ಮೇನು ಎಣಿಸಿ ನಿಲ್ಲಿಸು. ದಾರಿಯುದ್ದಕ್ಕೂ ಡಾಕ್ಟರಿಗೆ ಬಡಾವಣೆಯ ತತ್ವ ವಿವರಿಸಿದರು. ಓದಿದವರೇ ಹೀಗಾದರೆ ಹೇಗೆ, ಮೇನ್ ಯಾವುದು ಕ್ರಾಸ್ ಯಾವುದು ತಿಳಿಯದ ಜನ ಮನೆ ಯಾಕೆ ಕಟ್ಟುತ್ತಾರೆ, ಹಳ್ಳಿಯಲ್ಲೇ ಇರಬಾರದೇ ಎಂದೆಲ್ಲ. ಡಾಕ್ಟರು ಹ್ಞೂಂಗುಟ್ಟುತ್ತ ಕೈಗಡಿಯಾರ ನೋಡುತ್ತಿದ್ದಳು. ಅವಳ ಕಾಲ ಬಳಿ ಐಸ್ ತುಂಬಿದ ಡಬ್ಬಿ ಅಲುಗುತ್ತಿತ್ತು.

ಆರನೇ ಮೇನ್ ದಾಟಿತು. ಏಳನೇ ಮೇನ್ ದಾಟಿತು. ಅದಾಗಿ ಐವತ್ತು ಗಜ ಹೋಗುವಷ್ಟರಲ್ಲಿ ಐದನೇ ಕ್ರಾಸೇ ಮುಗಿದುಹೋಯಿತು.

ರಸ್ತೆಗೆ ಅಡ್ಡಲಾಗಿ, ರಸ್ತೆಯಷ್ಟೇ ಅಗಲಕ್ಕೆ, ಹಳದಿ ಸುಣ್ಣ ಬಳಿದ ಗಣೇಶನ ಗುಡಿ ಕೂತಿತ್ತು. ಗೋಪುರವಿತ್ತು, ಕಬ್ಬಿಣದ ಗೇಟಿತ್ತು, ದಾನಿಗಳ ಹೆಸರಿನ ಕಲ್ಲಿತ್ತು. ಕಲ್ಲಿನ ಪ್ರಕಾರ ಗುಡಿಗೆ ಹನ್ನೊಂದು ವರ್ಷ. ರಾಯರು ಇಳಿದು ಗುಡಿಯ ಮುಂದೆ ನಿಂತರು, ಕೈ ಮುಗಿಯಲಿಲ್ಲ.

"ಇದು ನಕ್ಷೆಯಲ್ಲಿಲ್ಲ," ಎಂದರು.

ಅಂತೋಣಿ ವ್ಯಾನನ್ನು ಹಿಂದಕ್ಕೆ ತೆಗೆದ. ರಾಯರಿಗೆ ಇನ್ನೂ ಧೈರ್ಯವಿತ್ತು. ಐದನೆಯದು ಮುಚ್ಚಿದ್ದರೆ ಆರನೆಯದಿದೆ, ಆರನೇ ಕ್ರಾಸಿನಲ್ಲಿ ಪೂರ್ವಕ್ಕೆ ಹೋಗಿ ಏಳರ ಮುಂದಿನ ಮೇನಿಗೆ ಎಡಕ್ಕೆ ತಿರುಗಿದರೆ ಎಂಟನೆಯದೇ ಸಿಗಬೇಕು. ಬೇರೆ ಏನು ಸಿಗುತ್ತದೆ? ಹೋದರು, ತಿರುಗಿದರು. ರಸ್ತೆಯ ಹೆಸರಿನ ಕಲ್ಲಿಗೆ ಟ್ಯೂಷನ್ನಿನವರು, ಪೈಲ್ಸ್ ಡಾಕ್ಟರು, ಚುನಾವಣೆಯವರು ಒಬ್ಬರ ಮೇಲೊಬ್ಬರು ಕಾಗದ ಅಂಟಿಸಿದ್ದರು. ನಲವತ್ತು, ಮೂವತ್ತೆಂಟು, ಮೂವತ್ತಾರು. ಸಿಕ್ಕಿತು ಎಂದರು ರಾಯರು. ದನಿಯಲ್ಲಿ ಗೆಲುವಿತ್ತು.

ಮೂವತ್ತಾರರಲ್ಲಿ ಸಾವಿನ ಸುಳಿವೇ ಇರಲಿಲ್ಲ. ಅದೊಂದು ಬ್ಯೂಟಿ ಪಾರ್ಲರು. ಮುಖಕ್ಕೆ ಏನೋ ಬಿಳಿಯದು ಮೆತ್ತಿಕೊಂಡ ಹೆಂಗಸೊಬ್ಬಳು ಬಾಗಿಲಿಗೆ ಬಂದು, ಇದು ಎಂಟನೇ 'ಎ' ಮೇನ್ ಎಂದಳು. ಬೆಳಿಗ್ಗೆಯಿಂದ ಇಬ್ಬರು ಹೂವಿನ ಹಾರ ತಂದು ಇಲ್ಲಿ ಕೇಳಿಕೊಂಡು ಹೋದರಂತೆ. ಎಂಟನೆಯದು ಎಲ್ಲಿ ಎಂದರೆ ಅವಳಿಗೆ ಗೊತ್ತಿಲ್ಲ, ಬಾಡಿಗೆಗೆ ಬಂದು ನಾಲ್ಕು ತಿಂಗಳಾಯಿತು.

ಎಂಟನೇ ಎ! ರಾಯರು ಎಳೆದ ನಕ್ಷೆಯಲ್ಲಿ ಆ ಜಾಗ ಆಟದ ಮೈದಾನ. ಅವರು ನಿವೃತ್ತರಾದ ಮೇಲೆ ಯಾವನೋ ಮೈದಾನವನ್ನು ಸೈಟು ಮಾಡಿ ಹಂಚಿ, ನಡುವೆ ಒಂದು ರಸ್ತೆ ತೂರಿಸಿ, ಅದಕ್ಕೊಂದು ಅಕ್ಷರ ಅಂಟಿಸಿದ್ದ. ಇದೆಲ್ಲ ಅವರ ಮನೆಯಿಂದ ಕಾಲ್ನಡಿಗೆಯಲ್ಲಿ ಹತ್ತು ನಿಮಿಷ. ಆದರೆ ಅವರು ದಿನಾ ಪಾರ್ಕಿಗೆ ನಾಲ್ಕು ಸುತ್ತು ಹಾಕಿ ಮನೆಗೆ ಮರಳುವವರು. ತಾವೇ ಬರೆದದ್ದನ್ನು ಮತ್ತೆ ಹೋಗಿ ಓದುವುದೇಕೆ ಎಂದು ಈ ಕಡೆ ತಲೆ ಹಾಕಿರಲಿಲ್ಲ.

ಗಂಟೆ ಹತ್ತೂ ಐವತ್ತು. ಡಾಕ್ಟರು, ಯಾರನ್ನಾದರೂ ಕೇಳೋಣ ಸರ್ ಎಂದಳು. ಕೇಳುವುದು ಬೇಡ, ನಾನಿದ್ದೇನಲ್ಲ ಎಂದರು ರಾಯರು. ಅವಳು ಅವರ ಮಾತಿಗೆ ಕಾಯದೆ ಇಳಿದು ಕೇಳಿದಳು. ಹಾಲಿನ ಬೂತಿನವನು ಪೂರ್ವಕ್ಕೆ ಕೈ ತೋರಿಸಿದ. ನಾಯಿ ಹಿಡಿದು ನಿಂತಿದ್ದ ಬನಿಯನ್ ಮನುಷ್ಯ ಅದೇ ಎಂಟನೇ ಮೇನನ್ನು ಪಶ್ಚಿಮಕ್ಕೆ ತೋರಿಸಿದ. ಕಾಂಪೌಂಡಿನೊಳಗಿಂದ ಒಬ್ಬ ಮಹಾನುಭಾವ, ಇದು ಮೂರನೇ ಹಂತವೋ ಎರಡನೇ ಬ್ಲಾಕೋ ಎಂದು ತಿರುಗಿ ಇವರನ್ನೇ ಕೇಳಿದ. ಮೂವತ್ತು ಲಕ್ಷದ ಮನೆಯಲ್ಲಿ ಕೂತು ತಾನು ಯಾವ ಬ್ಲಾಕಿನಲ್ಲಿದ್ದೇನೆಂದು ತಿಳಿಯದ ಪ್ರಾಣಿ. ರಾಯರಿಗೆ ಅವರೆಲ್ಲರ ಮೇಲೆ ಅಸಹ್ಯ ಉಕ್ಕಿತು. ಉಕ್ಕುವುದೇನೋ ಉಕ್ಕಿತು, ಈ ಸಲ ಹೊರಗೆ ಚೆಲ್ಲಲು ಬಾಯಿ ಬರಲಿಲ್ಲ. ತಾನೂ ವ್ಯಾನಿನಲ್ಲಿ ಕೂತು ಅವರಷ್ಟೇ ಕಂಗಾಲಾಗಿದ್ದೇನೆ ಎನ್ನುವುದು ಅವರಿಗೆ ತಿಳಿಯತೊಡಗಿತ್ತು.

ಏಳನೇ ಕ್ರಾಸಿಗೆ ಹೋದರು, ಅಲ್ಲಿ ಮೋರಿ ಅಗೆದಿತ್ತು. ಹಿಂದಕ್ಕೆ ಬಂದು ನಾಲ್ಕನೆಯದಕ್ಕೆ ಹೋದರು. ಅದು ಹೋಗುತ್ತ ಹೋಗುತ್ತ ದೊಡ್ಡ ಚರಂಡಿಯ ಗೋಡೆಗೆ ತಗುಲಿ ನಿಂತಿತು. ಗೋಡೆಯ ಪಕ್ಕ ಒಂದು ಓಣಿ ಕಾಣಿಸುತ್ತಿತ್ತು. ಆದರೆ ರಾಯರು, ಅದು ರಸ್ತೆಯಲ್ಲ, ಚರಂಡಿಯ ಅಂಚಿಗೆ ಬಿಟ್ಟ ಜಾಗ, ಅಲ್ಲಿ ಮನೆ ಇರಲು ಸಾಧ್ಯವಿಲ್ಲ ಎಂದರು. ಹನ್ನೊಂದು ಗಂಟೆ ಐದು ನಿಮಿಷ.

ಅಂತೋಣಿ ಎಂಜಿನ್ ಆರಿಸಿ ತಿರುಗಿ ಕೂತ. ಅಲ್ಲಿಯವರೆಗೆ ಒಂದೂ ಮಾತಾಡದ ಮನುಷ್ಯ.

"ಸಾರ್, ನಿಮ್ ನಕ್ಷೆ ನಿಮ್ಹತ್ರಾನೇ ಇರ್ಲಿ. ಆ ಇಸ್ತ್ರಿಯೋನು ಗೊತ್ತು ಅಂದ. ನಾನು ಅವನ್ನ ಕರ್ಕೊಂಬರ್ತೀನಿ. ನೀವು ಬೇಕಾದ್ರೆ ಇಲ್ಲೇ ಇಳೀರಿ."

ಡಾಕ್ಟರು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಡ್ರೈವರಿಗೆ ಸುಮ್ಮನಿರು ಎಂದು ಅವಳು ಹೇಳಲಿಲ್ಲ. ಮೂವತ್ತೆಂಟು ವರ್ಷ ಪ್ರಾಧಿಕಾರದಲ್ಲಿ ಯಾವ ಡ್ರೈವರೂ ರಾಯರಿಗೆ ಹೀಗೆ ಅಂದದ್ದಿರಲಿಲ್ಲ. ಅವರು ಇಳಿಯಲಿಲ್ಲ. ನಡೆಯಪ್ಪ ಎಂದರು, ಅಷ್ಟೇ.

ಹೊಂಗೆ ಮರದ ಕೆಳಗೆ ಅಂಜಿನಪ್ಪ ಗಾಡಿಗೆ ಪರದೆ ಹಾಕಿ, ಕೆಂಡಕ್ಕೆ ನೀರು ಚಿಮುಕಿಸಿ, ತಾನೇ ಸೈಕಲ್ ಹತ್ತಿ ಸಾವಿನ ಮನೆಗೆ ಹೊರಡುವುದರಲ್ಲಿದ್ದ. ವ್ಯಾನು ನಿಂತಾಗ ಮುಂದಿನ ಸೀಟಿನಲ್ಲಿದ್ದವರು ರಾಯರು. ಕೇಳಬೇಕಾದವರೂ ಅವರೇ. ಜೀವಮಾನದಲ್ಲಿ ಯಾರನ್ನೂ ಕೇಳದ ಮಾತನ್ನು ಅವರು ಕಿಟಕಿಯಿಂದ ತಲೆ ಹೊರಹಾಕಿ ಕೇಳಿದರು.

"ಅಂಜಿನಪ್ಪಾ, ಮೇಷ್ಟ್ರ ಮನೆ ಎಲ್ಲಪ್ಪ?"

ಅಂಜಿನಪ್ಪ ಕುಹಕ ಮಾಡಲಿಲ್ಲ. ಮಾಡಿದ್ದರೆ ರಾಯರಿಗೆ ಸಲೀಸಾಗುತ್ತಿತ್ತು. "ಸ್ವಲ್ಪ ಜರುಗಿ ಸ್ವಾಮಿ," ಎಂದು ಅವರ ಪಕ್ಕದಲ್ಲೇ ಕೂತ. ಮೈಯಿಂದ ಇದ್ದಿಲು ವಾಸನೆ ಬರುತ್ತಿತ್ತು. ವ್ಯಾನು ಮತ್ತೆ ನಾಲ್ಕನೇ ಕ್ರಾಸಿಗೇ ಹೋಯಿತು, ಅದೇ ಚರಂಡಿಯ ಗೋಡೆಯವರೆಗೆ. ಅಲ್ಲಿಂದ ಅಂಜಿನಪ್ಪ ಬಲಕ್ಕೆ ಆ ಓಣಿಯನ್ನೇ ತೋರಿಸಿದ. ರಸ್ತೆಯಲ್ಲ ಎಂದು ರಾಯರು ತೀರ್ಪು ಕೊಟ್ಟಿದ್ದ ಓಣಿ. ವ್ಯಾನು ಅದರಲ್ಲಿ ಧಾರಾಳವಾಗಿ ಹಿಡಿಯಿತು. ಓಣಿ ತಿರುಗಿ ಗುಡಿಯ ಹಿಂಭಾಗಕ್ಕೆ ಬಂತು. ಅಲ್ಲಿ ಗುಡಿಗೂ ಚರಂಡಿಗೂ ನಡುವೆ ಸಿಕ್ಕಿಕೊಂಡು, ಎರಡೂ ತುದಿ ಕಳೆದುಕೊಂಡು, ಎಂಟನೇ ಮೇನಿನ ಒಂದು ತುಂಡು ಉಳಿದಿತ್ತು. ಎಂಟು ಹತ್ತು ಮನೆ. ಗೇಟೊಂದರ ಮೇಲೆ ಮಾಸಿದ ಬಣ್ಣದಲ್ಲಿ ಮೂವತ್ತಾರು.

ಊರಿಗೆ ಹೋಗುವ ಗಾಡಿ ಸ್ಟಾರ್ಟ್ ಆಗಿ ನಿಂತಿತ್ತು. ದೇಹವನ್ನು ಎತ್ತಲು ನಾಲ್ಕು ಜನ ಬಗ್ಗಿದ್ದರು. ಮೇಷ್ಟ್ರ ಅಣ್ಣನ ಮಗ ಒಬ್ಬ, ಇನ್ನು ಕಾಯುವುದಕ್ಕಾಗುವುದಿಲ್ಲ, ಊರಿನಲ್ಲಿ ಜನ ಸೇರಿದ್ದಾರೆ ಎಂದು ರೇಗುತ್ತಿದ್ದ. ತಲೆಯ ಬಳಿ ಕೂತಿದ್ದ ಮೇಷ್ಟ್ರ ಹೆಂಡತಿ ಜಯಮ್ಮ ಮಾತ್ರ ಅಲುಗಿರಲಿಲ್ಲ. ಕಣ್ಣಿನ ಬ್ಯಾಂಕಿನವರು ಫೋನಿನಲ್ಲಿ ಹೇಳಿದ್ದ ಹಾಗೆ ತಲೆಯ ಕೆಳಗೆ ದಿಂಬು ಕೊಟ್ಟು, ಫ್ಯಾನು ಆರಿಸಿ, ಮುಚ್ಚಿದ ರೆಪ್ಪೆಗಳ ಮೇಲೆ ಒದ್ದೆ ಹತ್ತಿ ಇಟ್ಟು, ಹತ್ತಿ ಒಣಗಿದ ಹಾಗೆ ನೀರು ಹನಿಸುತ್ತ ಕೂತಿದ್ದರು. ಡಾಕ್ಟರನ್ನು ಕಂಡು ಅಣ್ಣನ ಮಗನ ಕಡೆ ತಿರುಗಿದರು.

"ನಾನು ಹೇಳ್ಲಿಲ್ವಾ? ಆ ಮೂವತ್ತಾರಕ್ಕೆ ಹೋಗಿರ್ತಾರೆ, ರಾಯರು ಕರ್ಕೊಂಬರ್ತಾರೆ ಅಂತ. ನೋಡು, ಕರ್ಕೊಂಬಂದ್ರು."

ರಾಯರು ಅಂಜಿನಪ್ಪನ ಕಡೆ ನೋಡಿದರು. ಅವನು ಚಪ್ಪಲಿ ಬಿಟ್ಟು ಮೂಲೆಯಲ್ಲಿ ಕೈಮುಗಿದು ನಿಂತಿದ್ದ. ಅಲ್ಲಮ್ಮ, ಕರೆದುಕೊಂಡು ಬಂದವನು ಇವನು ಎಂದು ಹೇಳುವುದಕ್ಕೆ ಒಂದು ಕ್ಷಣ ಸಾಕಿತ್ತು. ರಾಯರು ಹೇಳಲಿಲ್ಲ, ಅಂಜಿನಪ್ಪನೂ ಹೇಳಲಿಲ್ಲ.

ಒಪ್ಪಿಗೆಯ ಕಾಗದಕ್ಕೆ ಜಯಮ್ಮನ ಸಹಿಯಾಯಿತು. ಇಬ್ಬರು ಸಾಕ್ಷಿ ಬೇಕು ಎಂದಳು ಡಾಕ್ಟರು. ಒಬ್ಬ ಅಣ್ಣನ ಮಗ, ಇನ್ನೊಬ್ಬರು ರಾಯರು. ಮೇಲೆ ಸತ್ತವರ ವಿಳಾಸ, ಮೂವತ್ತಾರು, ಎಂಟನೇ ಮೇನ್, ಐದನೇ ಕ್ರಾಸ್. ಕೆಳಗೆ ಸಾಕ್ಷಿಯ ವಿಳಾಸ, ಮೂವತ್ತಾರು, ಐದನೇ ಮೇನ್, ಎಂಟನೇ ಕ್ರಾಸ್. ಎರಡೂ ಒಂದೇ ಹಾಳೆಯ ಮೇಲೆ ಬಂದದ್ದು ಇದೇ ಮೊದಲು. ಕೋಣೆಯ ಬಾಗಿಲು ಹಾಕಿಕೊಂಡಾಗ ಹನ್ನೊಂದೂಕಾಲು.

ಹೊರಗೆ ಕಾಯುವಾಗ ಜಯಮ್ಮ ಅವರಿಗೆ ಕುರ್ಚಿ ಹಾಕಿಸಿದರು. ಬೆತ್ತದ ಕುರ್ಚಿ. ಒಮ್ಮೆ ಐದನೇ ಮೇನಿಗೆ ಬಂದು ರಾಯರಿಂದ ಬೈಸಿಕೊಂಡು ಹೋದದ್ದು ಇದೇ ಇರಬೇಕು.

"ಕೂತ್ಕೊಳಿ. ಮಂಡಿ ನೋವಿಟ್ಕೊಂಡು ನೀವು ಬಂದದ್ದೇ ದೊಡ್ಡದು."

ಯಾವ ಮಂಡಿ ನೋವು ಎಂದರು ರಾಯರು.

"ಇವ್ರು ಹೇಳೋರು. ನಮ್ ಕಾಗದ ಎಷ್ಟೋ ನಿಮ್ಮಲ್ಲಿಗೆ ಬಂದು ವಾಪಸ್ ಹೋಗೋವು. ನಮ್ ಹುಡುಗನ್ ಬ್ಯಾಂಕ್ ಇಂಟರ್‌ವ್ಯೂದು ಒಂದು ಹಂಗೇ ಹೋಯ್ತು. ಒಂದ್ಸಲ ನಾನು ಕೇಳ್ದೆ, ನೀವು ಅವ್ರದ್ನ ತಗೊಂಡೋಗಿ ಕೊಡ್ತೀರಿ, ಅವ್ರು ಯಾಕೆ ತಂದ್ಕೊಡಲ್ಲ ಅಂತ. ಪಾಪ ರಾಯರಿಗೆ ಮಂಡಿ ನೋವು ಕಣೇ, ಇಷ್ಟು ದೂರ ನಡೆಯಕ್ಕಾಗಲ್ಲ ಅಂದ್ರು. ನೋವು ಹೇಗಿದೆ ಅಂತ ದಿನಾ ಕೇಳ್ಕೊಂಡು ಬರ್ತಿದ್ರಲ್ಲ ನಿಮ್ಮನ್ನ?"

ಪಾರ್ಕಿಗೆ ನಾಲ್ಕು ಸುತ್ತು ಹಾಕುವ ರಾಯರನ್ನು ಮೇಷ್ಟ್ರು ಅದೇ ಪಾರ್ಕಿನಲ್ಲಿ ದಿನವೂ ಕಂಡಿದ್ದರು. ಕಂಡೂ ಮನೆಗೆ ಬಂದು ಹೆಂಡತಿಗೆ ಹಾಗೆ ಹೇಳಿದ್ದರು. ರಾಯರು ತಲೆ ತಗ್ಗಿಸಿ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತರು. ಅವಮಾನ ಮಾಡುವುದರಲ್ಲಿ ಅವರು ಪಳಗಿದವರು. ಹೀಗೆ ಮರ್ಯಾದೆ ಕೊಟ್ಟು ಮಣ್ಣು ಮಾಡಬಹುದು ಎಂದು ಅವರಿಗೆ ಗೊತ್ತಿರಲಿಲ್ಲ. ತನ್ನ ಬಗ್ಗೆ ಇಷ್ಟು ಹೇಸಿಗೆ ಅವರಿಗೆ ಎಂದೂ ಆಗಿರಲಿಲ್ಲ.

ಹನ್ನೊಂದು ನಲವತ್ತಕ್ಕೆ ಬಾಗಿಲು ತೆರೆಯಿತು. ಎರಡೂ ಸಿಕ್ಕಿದವು ಎಂದಳು ಡಾಕ್ಟರು. ರೆಪ್ಪೆ ಮೊದಲಿನ ಹಾಗೆಯೇ ಮುಚ್ಚಿತ್ತು, ಮೇಷ್ಟ್ರು ಮಲಗಿದ ಹಾಗೆಯೇ ಕಾಣುತ್ತಿದ್ದರು. ಅವರನ್ನು ಹೊತ್ತ ಗಾಡಿ ಚರಂಡಿಯ ಓಣಿಯಲ್ಲಿ ತಿರುಗಿ ಹೋಯಿತು.

ವ್ಯಾನಿನ ಹತ್ತಿರ ಬಂದಾಗ ರಾಯರು ಡಾಕ್ಟರನ್ನು ತಡೆದು, ಕಣ್ಣು ಕೊಡಲು ಹೆಸರು ಬರೆಸಬೇಕಾದರೆ ಫಾರಂ ಇದೆಯೇ ಎಂದು ಕೇಳಿದರು. ಪೊರೆ ತೆಗೆಸಿಕೊಂಡ ಕಣ್ಣು ಉಪಯೋಗಕ್ಕೆ ಬಂದೀತೇ ಎಂದೂ ಕೇಳಿದರು. ಬರುತ್ತದೆ ಎಂದಳು, ಬೇಕಾದ್ದು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ, ಕಾರ್ನಿಯಾ, ಅದಕ್ಕೇನೂ ಆಗಿರುವುದಿಲ್ಲ. ಒಂದು ಹಳದಿ ಕಾರ್ಡು ಕೊಟ್ಟಳು. ಬರೆಯಲು ಆಸರೆಗೆ ಜೇಬಿನಲ್ಲಿದ್ದ ಕಾಗದ ತೆಗೆದು ಕಾರ್ಡಿನ ಕೆಳಗೆ ಇಟ್ಟುಕೊಂಡರು. ಅದು ಬೆಳಗಿನ ಅರ್ಜಿ. ಅಂಜಿನಪ್ಪ ಪಕ್ಕದಲ್ಲೇ ನಿಂತಿದ್ದ, ಅವನಿಗೆ ಓದು ಬರುತ್ತಿರಲಿಲ್ಲ.

ಹೆಸರು ಬರೆದರು. ಮನೆ ನಂಬರು, ಮೇನ್, ಕ್ರಾಸ್, ಬ್ಲಾಕ್, ಎಲ್ಲ ತಮ್ಮ ನಕ್ಷೆಯ ದುಂಡು ಅಕ್ಷರದಲ್ಲಿ. ಅದರ ಕೆಳಗೆ 'ಹತ್ತಿರದ ಗುರುತು' ಎಂದು ಒಂದು ಸಾಲು ಖಾಲಿ ಇತ್ತು. ಮೂವತ್ತು ವರ್ಷದಿಂದ ಯಾವ ಫಾರಂ ಬಂದರೂ ಆ ಸಾಲಿನ ಮೇಲೆ ಅವರು ಅಡ್ಡಗೆರೆ ಎಳೆಯುತ್ತಿದ್ದರು. ಈ ಸಲ ಬರೆದರು, ಇಸ್ತ್ರಿ ಅಂಜಿನಪ್ಪನ ಗಾಡಿ ಎದುರು.

ಡಾಕ್ಟರು ಕಾರ್ಡು ಓದಿ ಅಂಜಿನಪ್ಪನನ್ನು ನೋಡಿದಳು, ರಾಯರನ್ನು ನೋಡಿದಳು.

"ಗಾಡಿ ಅಂದ್ಮೇಲೆ ಇವತ್ತು ಇಲ್ಲಿ ನಾಳೆ ಅಲ್ಲಿ, ಸರ್. ನಾವು ಬರೋ ದಿನ ಅದು ಅಲ್ಲೇ ಇರತ್ತಾ?"

ರಾಯರು ಕೆಳಗಿದ್ದ ಕಾಗದವನ್ನು ಎಳೆದು ನಾಲ್ಕು ಮಡಿಕೆ ಮಾಡಿ ಮುಷ್ಟಿಯೊಳಗೆ ಹಿಡಿದುಕೊಂಡರು.

"ಇರತ್ತೆ," ಎಂದರು. "ಹಾಗೇ ಬರ್ಕೊಳ್ಳಿ."